‘ಜೂನ್‌ನಿಂದ’ ಎಂಬುದು ಇಂಗ್ಲಿಷ್‌ಗೆ ಹೋದಾಗ

ಮಾನ್ಯ ಸಂಪಾದಕರೇ,

ಮಲೆನಾಡಿನ ಹಳ್ಳಿಗಳಿಂದ ಕೆಲಸಕ್ಕೆ ಅರ್ಜಿ ಹಾಕುವ ಮಕ್ಕಳಿಗೆ ಇಂಗ್ಲಿಷ್ ವ್ಯಾಕರಣವೇ ಗೊತ್ತಿಲ್ಲ ಎಂಬ ಮಾತನ್ನು ಪದವೀಧರರ ನಡುವೆಯೂ ಪೋಷಕರ ನಡುವೆಯೂ ಪದೇ ಪದೇ ಕೇಳುತ್ತಿದ್ದೇನೆ. ಸಾಗರ ಮತ್ತು ಹೊಸನಗರದ ಕಡೆ ಇಂಗ್ಲಿಷ್ ಪಾಠ ಹೇಳಿ ನಿವೃತ್ತನಾದ ನಾನು ಈ ಮಾತನ್ನು ಒಪ್ಪುವುದಿಲ್ಲ. ಈ ಮಕ್ಕಳಿಗೆ ವ್ಯಾಕರಣ ಗೊತ್ತಿದೆ, ಆದರೆ ಅದು ಕನ್ನಡದ ವ್ಯಾಕರಣ. ಅದನ್ನೇ ಅವರು ಇಂಗ್ಲಿಷ್ ಪದಗಳಲ್ಲಿ ಬರೆಯುತ್ತಾರೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮಗಳು ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಕಳೆದ ಜೂನ್‌ನಿಂದ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದಳು. ಈ ಮಾರ್ಚ್‌ನಲ್ಲಿ ಅವಳು ಹೊರರಾಜ್ಯದ ಕಂಪನಿಯೊಂದಕ್ಕೆ ಅರ್ಜಿ ಬರೆದಳು. ಅದರ ಮೊದಲ ಸಾಲು ಹೀಗಿತ್ತು: ‘ಐ ಆಮ್ ವರ್ಕಿಂಗ್ ಇನ್ ಎ ಟ್ರೇಡಿಂಗ್ ಫರ್ಮ್ ಫ್ರಮ್ ಜೂನ್.’ ವಾರದೊಳಗೆ ಉತ್ತರ ಬಂತು. ಜೂನ್‌ನಲ್ಲಿ ಬೇರೆ ಕಡೆ ಸೇರಲು ನೀವು ಈಗಾಗಲೇ ಒಪ್ಪಿಕೊಂಡಿದ್ದರೆ ನಿಮ್ಮ ಅರ್ಜಿಯನ್ನು ಪರಿಗಣಿಸುವುದು ಕಷ್ಟ ಎಂದು ಅದರಲ್ಲಿತ್ತು. ಅವಳಿಗೆ ತಲೆಬುಡ ತಿಳಿಯಲಿಲ್ಲ. ಎರಡೂ ಪತ್ರಗಳನ್ನು ಹಿಡಿದುಕೊಂಡು ನನ್ನ ಮನೆಗೆ ಬಂದು, ‘ಮೇಷ್ಟ್ರೇ, ಇದರಲ್ಲಿ ತಪ್ಪೇನಿದೆ?’ ಎಂದು ಕೇಳಿದಳು.

ಅವಳ ವಾಕ್ಯದಲ್ಲಿ ವ್ಯಾಕರಣದ ತಪ್ಪು ಇರಲಿಲ್ಲ. ‘ಐ ಆಮ್ ವರ್ಕಿಂಗ್ ಫ್ರಮ್ ಜೂನ್’ ಸರಿಯಾದ ಇಂಗ್ಲಿಷ್ ವಾಕ್ಯವೇ. ಆದರೆ ಮಾರ್ಚ್‌ನಲ್ಲಿ ಓದುವ ಇಂಗ್ಲಿಷ್ ಬಲ್ಲವನಿಗೆ ಅದು ಮುಂದೆ ಬರುವ ಜೂನ್‌ನಿಂದ ಕೆಲಸ ಶುರು ಎಂದೇ ಕೇಳಿಸುತ್ತದೆ. ಕಂಪ್ಯೂಟರಿನ ಕಾಗುಣಿತ ಪರೀಕ್ಷೆಯೂ ಇದನ್ನು ಹಿಡಿಯುವುದಿಲ್ಲ, ಏಕೆಂದರೆ ಹಿಡಿಯಲು ಅಲ್ಲಿ ಏನೂ ಇಲ್ಲ.

ಕನ್ನಡದ ‘ಇಂದ’ ಎಷ್ಟು ಕೆಲಸ ಮಾಡುತ್ತದೆ ನೋಡಿ. ಸಾಗರದಿಂದ ಬಂದ, ಕತ್ತಿಯಿಂದ ಕಡಿದ, ಜ್ವರದಿಂದ ಮಲಗಿದ, ಜೂನ್‌ನಿಂದ ದುಡಿಯುತ್ತಿದ್ದಾನೆ, ಎರಡು ವರ್ಷದಿಂದ ದುಡಿಯುತ್ತಿದ್ದಾನೆ. ಶಾಲೆಯಲ್ಲಿ ‘ಫ್ರಮ್ ಎಂದರೆ ಇಂದ’ ಎಂದು ಒಮ್ಮೆ ಕಲಿತ ಮಗು ಇಷ್ಟೂ ಕಡೆ ಫ್ರಮ್ ಹಾಕುತ್ತದೆ. ಇಂಗ್ಲಿಷ್‌ನಲ್ಲಿ ಅದು ಹೊಂದುವುದು ಸಾಗರಕ್ಕೆ ಮಾತ್ರ. ಕಾಲದ ವಿಷಯ ಬಂದಾಗ, ಈಗಲೂ ನಡೆಯುತ್ತಿರುವ ಕೆಲಸ ಶುರುವಾದ ಗಳಿಗೆಗೆ ‘ಸಿನ್ಸ್’, ಅದು ಎಷ್ಟು ಕಾಲ ನಡೆದಿದೆ ಎಂಬುದಕ್ಕೆ ‘ಫಾರ್’. ಸಿನ್ಸ್ ಜೂನ್, ಫಾರ್ ಟೂ ಇಯರ್ಸ್. ನಾವು ಅಧ್ಯಾಪಕರು ಫ್ರಮ್ ತಪ್ಪು, ಸಿನ್ಸ್ ಸರಿ ಎಂದಷ್ಟೇ ಹೇಳಿ ಮುಂದೆ ಹೋದರೆ ಮಕ್ಕಳು ‘ಸಿನ್ಸ್ ಟೂ ಇಯರ್ಸ್’ ಎಂದು ಬರೆಯುತ್ತಾರೆ. ಹಾಗೆ ಬರೆದದ್ದನ್ನು ನಾನು ಲೆಕ್ಕವಿಲ್ಲದಷ್ಟು ಸಲ ತಿದ್ದಿದ್ದೇನೆ. ಅಲ್ಲಿ ಪದ ಬದಲಾಗಿದೆ, ಕನ್ನಡದ ಒಂದೇ ‘ಇಂದ’ ಹಾಗೆಯೇ ಉಳಿದಿದೆ.

ಇದರ ಜೊತೆಗೇ ಕ್ರಿಯಾಪದವೂ ಕನ್ನಡದ್ದು. ‘ಜೂನ್‌ನಿಂದ ಕೆಲಸ ಮಾಡುತ್ತಿದ್ದೇನೆ’ ಎನ್ನುವಾಗ ನಮಗೆ ವರ್ತಮಾನ ಸಾಕು. ಹಿಂದೆ ಶುರುವಾಗಿ ಇಂದಿಗೂ ಮುಂದುವರಿದದ್ದಕ್ಕೆ ಇಂಗ್ಲಿಷ್ ‘ಹ್ಯಾವ್’ ಕೇಳುತ್ತದೆ: ‘ಐ ಹ್ಯಾವ್ ಬೀನ್ ವರ್ಕಿಂಗ್ ಸಿನ್ಸ್ ಜೂನ್.’ ಅದೇ ಅರ್ಜಿಯ ಮುಂದಿನ ಸಾಲಿನಲ್ಲಿ ಇದರ ತಿರುವುಮುರುವು ಇತ್ತು: ‘ಐ ಹ್ಯಾವ್ ಕಂಪ್ಲೀಟೆಡ್ ಮೈ ಬಿಕಾಂ ಇನ್ 2023.’ ‘2023ರಲ್ಲಿ ಬಿಕಾಂ ಮುಗಿಸಿದ್ದೇನೆ’ ಎಂಬುದು ಸೊಗಸಾದ ಕನ್ನಡ. ಆದರೆ ಇಸವಿ ಹೇಳಿಬಿಟ್ಟರೆ ಇಂಗ್ಲಿಷ್‌ಗೆ ಆ ಕಾಲ ಮುಗಿದುಹೋದ ಕಾಲ, ಅಲ್ಲಿ ಹ್ಯಾವ್ ಸಲ್ಲದು. ‘ಐ ಕಂಪ್ಲೀಟೆಡ್’ ಅಷ್ಟೇ. ಬೇಕಾದಲ್ಲಿ ಹ್ಯಾವ್ ಇಲ್ಲ, ಬೇಡವಾದಲ್ಲಿ ಇದೆ. ಇದನ್ನು ನೋಡಿದವರು ಹುಡುಗಿಗೆ ಕಾಲಗಳೇ ಗೊತ್ತಿಲ್ಲ ಎನ್ನುತ್ತಾರೆ. ನನಗೆ ಕಾಣುವುದು ಬೇರೆ: ‘ಮಾಡುತ್ತಿದ್ದೇನೆ’ಗೆ ಒಂದು ರೂಪ, ‘ಮುಗಿಸಿದ್ದೇನೆ’ಗೆ ಒಂದು ರೂಪ ಎಂದು ಅವಳು ಬಲು ನಿಷ್ಠೆಯಿಂದ ಹೊಂದಿಸಿಕೊಂಡು ಬಂದಿದ್ದಾಳೆ. ಕಾರಣ ಗೊತ್ತಾದ ಮೇಲೆ ಎರಡನ್ನೂ ತಿದ್ದಲು ಅವಳಿಗೆ ಐದು ನಿಮಿಷ ಹಿಡಿಯಲಿಲ್ಲ.

ಕೊನೆಯ ಸಾಲು: ‘ಐ ಹ್ಯಾವ್ ಸೆಂಟ್ ದ ಸರ್ಟಿಫಿಕೇಟ್ಸ್ ಯೆಸ್ಟರ್‌ಡೇ ಓನ್ಲಿ.’ ‘ನಿನ್ನೆಯೇ ಕಳಿಸಿದ್ದೇನೆ’ ಎಂಬುದರ ‘ಏ’ ಇಲ್ಲಿ ಓನ್ಲಿ ಆಗಿದೆ. ತಡ ಮಾಡಿಲ್ಲ ಎಂದು ಹೇಳಲು ಅವಳು ಆ ‘ಏ’ ಹಾಕಿದ್ದಳು. ಆದರೆ ಓನ್ಲಿ ನಮ್ಮ ‘ಮಾತ್ರ’ಕ್ಕೆ ಹತ್ತಿರದ ಪದ. ‘ನಿನ್ನೆ ಮಾತ್ರ ಕಳಿಸಿದೆ’ ಎಂದು ಓದಿಕೊಂಡರೆ ಅರ್ಥ ಎಲ್ಲಿಗೆ ಜಾರಿತು ಎಂಬುದು ಕನ್ನಡದ ಯಾವ ಕಿವಿಗಾದರೂ ತಿಳಿಯುತ್ತದೆ.

ಇಂಥ ಪಡಿಯಚ್ಚನ್ನು ಗುರುತಿಸುವ ಒಂದು ದಾರಿ ಇಲ್ಲಿಯೇ ಇದೆ. ಬರೆದ ಇಂಗ್ಲಿಷ್ ವಾಕ್ಯವನ್ನು ಮರುದಿನ ತೆಗೆದು, ನಾವು ಅಂದುಕೊಂಡಿದ್ದನ್ನು ಮರೆತು, ಪ್ರತಿ ಪದಕ್ಕೆ ನಿಘಂಟು ಕೊಡುವ ಅರ್ಥವನ್ನಷ್ಟೇ ಇಟ್ಟು ಕನ್ನಡಕ್ಕೆ ತಿರುಗಿಸಬೇಕು. ಮೊದಲು ಮನಸ್ಸಿನಲ್ಲಿದ್ದ ವಾಕ್ಯ ಹಿಂದಿರುಗದಿದ್ದರೆ ಅಲ್ಲಿ ಏನೋ ಜಾರಿದೆ ಎಂದರ್ಥ. ‘ಮಾತ್ರ’ ಸಿಕ್ಕಿಬಿದ್ದದ್ದು ಹೀಗೆ.

ಆದರೆ ಈ ದಾರಿ ಎಲ್ಲ ಕಡೆಗೂ ನಡೆಯುವುದಿಲ್ಲ. ‘ಫ್ರಮ್ ಜೂನ್’ ಎಂಬುದನ್ನು ತಿರುಗಿಸಿದರೆ ‘ಜೂನ್‌ನಿಂದ’ ಎಂದೇ ಬರುತ್ತದೆ. ಹಿಂದಿನ ಜೂನಿಗೂ ಮುಂದಿನ ಜೂನಿಗೂ ನಮ್ಮಲ್ಲಿ ಅದೊಂದೇ ರೂಪ. ಹಾಗಾಗಿ ಕಾಲಸೂಚಕ ಪದಗಳ ಕೆಳಗೆ ಮೊದಲೇ ಗೆರೆ ಎಳೆದುಕೊಳ್ಳಿ ಎಂದು ನಾನು ಹೇಳುತ್ತಿದ್ದೆ. ಫ್ರಮ್, ಸಿನ್ಸ್, ಫಾರ್, ಯೆಸ್ಟರ್‌ಡೇ, ಇಸವಿ, ತಿಂಗಳು. ಗೆರೆ ಬಿದ್ದ ಪ್ರತಿ ವಾಕ್ಯಕ್ಕೂ ಒಂದೇ ಪ್ರಶ್ನೆ: ಈ ಸಂಗತಿ ಮುಗಿದಿದೆಯೋ, ಇನ್ನೂ ನಡೆದಿದೆಯೋ, ಮುಂದೆ ನಡೆಯಲಿದೆಯೋ? ಆಮೇಲೆ ಕಲಿಯುವವರಿಗಾಗಿಯೇ ಮಾಡಿದ ಇಂಗ್ಲಿಷ್-ಇಂಗ್ಲಿಷ್ ನಿಘಂಟಿನಲ್ಲಿ ಆ ಪದಕ್ಕೆ ಕೊಟ್ಟ ಉದಾಹರಣೆ ವಾಕ್ಯಗಳನ್ನು ಓದಿ, ಅಲ್ಲಿ ಕ್ರಿಯಾಪದ ಯಾವ ರೂಪದಲ್ಲಿದೆ ಎಂದು ನೋಡಬೇಕು. ಇಂಗ್ಲಿಷ್-ಕನ್ನಡ ನಿಘಂಟು ಈ ಕೆಲಸಕ್ಕೆ ಒದಗುವುದಿಲ್ಲ. ಫ್ರಮ್ ಎದುರಿಗೆ ಅದು ಮತ್ತೆ ‘ಇಂದ’ ಎಂದೇ ಹೇಳುತ್ತದೆ.

ನಮ್ಮ ಭಾಷೆಯೊಳಗೆ ಹೊರಗಿನ ಎರಕ ಬಂದಾಗ ನಮಗೆ ತಕ್ಷಣ ಇರುಸುಮುರುಸಾಗುತ್ತದೆ. ‘ನಾನು ಇಬ್ಬರು ಮಕ್ಕಳನ್ನು ಹೊಂದಿದ್ದೇನೆ’ ಎಂಬ ವಾಕ್ಯವನ್ನು ತಿದ್ದಲು ತೀರ್ಥಹಳ್ಳಿಯ ಯಾವ ಅಜ್ಜಿಗೂ ವ್ಯಾಕರಣ ಪುಸ್ತಕ ಬೇಡ. ‘ನನಗಿಬ್ಬರು ಮಕ್ಕಳು’ ಎಂದು ಅವರು ನೇರ ಮಾಡಿಬಿಡುತ್ತಾರೆ. ಇಂಗ್ಲಿಷ್‌ನಲ್ಲಿ ನಮ್ಮ ಮಕ್ಕಳಿಗೆ ಆ ಕಿವಿ ಬೆಳೆದಿಲ್ಲ. ನಮ್ಮ ನಮ್ಮೊಳಗೆ ‘ಫ್ರಮ್ ಟೂ ಇಯರ್ಸ್’ ಎಂದರೂ ಎದುರಿಗಿದ್ದವರು ಕನ್ನಡದಲ್ಲೇ ಅರ್ಥ ಮಾಡಿಕೊಳ್ಳುತ್ತಾರೆ, ಯಾವ ತೊಡಕೂ ಇಲ್ಲ. ಅದಕ್ಕಾಗಿ ಯಾರನ್ನೂ ಹೀಗಳೆಯಬಾರದು. ತೊಡಕಾಗುವುದು ಕನ್ನಡ ತಿಳಿಯದವರು ಓದುವಾಗ.

ಜಿಲ್ಲೆಯ ಪ್ರೌಢಶಾಲಾ ಅಧ್ಯಾಪಕರಲ್ಲಿ ನನ್ನದೊಂದು ಮನವಿ. ಉತ್ತರಪತ್ರಿಕೆಯಲ್ಲಿ ಇಂಥ ವಾಕ್ಯ ಕಂಡಾಗ ಕೆಂಪು ಗೆರೆ ಎಳೆದು ಬಿಟ್ಟುಬಿಡಬೇಡಿ. ಅದರ ಮೂಲದ ಕನ್ನಡ ವಾಕ್ಯವನ್ನು ಪಕ್ಕದಲ್ಲಿ ಬರೆದು, ಇಂಗ್ಲಿಷ್ ಎಲ್ಲಿ ಬೇರೆ ಹಾದಿ ಹಿಡಿಯುತ್ತದೆ ಎಂದು ತೋರಿಸಿ. ಆ ಹುಡುಗಿಗೆ ಹತ್ತನೇ ತರಗತಿಯಲ್ಲೇ ‘ಇಂದ’ವನ್ನು ಹೀಗೆ ಬಿಡಿಸಿ ತೋರಿಸಿದ್ದರೆ ಆ ಅರ್ಜಿ ಎರಡನೇ ಸಲ ಹೋಗಬೇಕಾಗುತ್ತಿರಲಿಲ್ಲ.

ಇತಿ,
ನಿವೃತ್ತ ಇಂಗ್ಲಿಷ್ ಅಧ್ಯಾಪಕ, ಸಾಗರ