ನಕ್ಷೆ ಮಂಜೂರಾಗುವ ಮೊದಲು ಅಡಿಯ ಮರಳನ್ನು ಪರೀಕ್ಷಿಸಿ: ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಉತ್ತರ ಬಿಹಾರದಲ್ಲಿ ಕೇಂದ್ರದ ಹಣದಿಂದ ಏಳುವ ಬಹುಮಹಡಿ ಕಟ್ಟಡಗಳ ಬಗ್ಗೆ ಈ ಪತ್ರ. 1934ರ ಜನವರಿ 15ರ ಭೂಕಂಪದಲ್ಲಿ ಅಲ್ಲಿನ ಸುಮಾರು 300 ಕಿ.ಮೀ. ಉದ್ದದ ಪಟ್ಟಿಯಲ್ಲಿ ಮನೆಗಳು ವಾಲಿ ನೆಲದೊಳಕ್ಕೆ ಇಳಿದವು. ಬಿರುಕುಗಳಿಂದ ನೀರು, ಮರಳು ಉಕ್ಕಿ ಬಂದು ಹೊಲಗಳ ಮೇಲೆ ಹರಡಿತು, ಬಾವಿಗಳು ಮರಳು ತುಂಬಿ ಹೂತುಹೋದವು. ಆಗ ಅಲ್ಲಿದ್ದವು ಹೆಚ್ಚಾಗಿ ತಗ್ಗು ಮನೆಗಳು. ಇಂದು ಅದೇ ನದಿಮರಳಿನ ಮೇಲೆ ನಾಲ್ಕು, ಐದು ಮಹಡಿಗಳನ್ನು ಕಟ್ಟುತ್ತಿದ್ದೇವೆ.

ಒಳ್ಳೆಯ ಕಾಂಕ್ರೀಟು, ಸಾಕಷ್ಟು ಕಬ್ಬಿಣ ಹಾಕಿದರೆ ಭಯವಿಲ್ಲ ಎಂದು ಅಧಿಕಾರಿಗಳು ಹೇಳುವುದುಂಟು. ಆ ನಂಬಿಕೆಗೆ ಜಪಾನಿನ ನೀಗಾಟಾ ನಗರ ಉತ್ತರ ಕೊಟ್ಟಿದೆ. 1964ರ ಜೂನ್ 16ರಂದು ಅಲ್ಲಿ 7.5 ತೀವ್ರತೆಯ ಭೂಕಂಪವಾಯಿತು. ಶಿನಾನೋ ನದಿಯ ಹಳೆಯ ಪಾತ್ರವನ್ನು ತುಂಬಿ ಮಾಡಿದ ಜಾಗದಲ್ಲಿ ಕವಾಗಿಶಿ-ಚೋ ಎಂಬ ವಸತಿ ಸಮುಚ್ಚಯವಿತ್ತು. ಅದರ ನಾಲ್ಕು ಮಹಡಿಯ ಕಟ್ಟಡಗಳು ನಿಧಾನವಾಗಿ ಪಕ್ಕಕ್ಕೆ ವಾಲಿದವು, ಒಂದಂತೂ ಹೆಚ್ಚುಕಡಿಮೆ ಅಂಗಾತ ಮಲಗಿಬಿಟ್ಟಿತು. ಹಾಗೆ ಮಲಗಿದರೂ ಕಟ್ಟಡ ಮುರಿಯಲಿಲ್ಲ. ಸೋತದ್ದು ಅಡಿಯ ನೆಲ ಮಾತ್ರ.

ಕಾರಣವನ್ನು ಲೆಕ್ಕದಲ್ಲೇ ಹೇಳುತ್ತೇನೆ. ನೆಲಮಟ್ಟದಿಂದ ಒಂದು ಮೀಟರ್ ಕೆಳಗೆ ಅಂತರ್ಜಲವಿದೆ ಎಂದುಕೊಳ್ಳಿ. ಐದು ಮೀಟರ್ ಆಳದಲ್ಲಿ ಪ್ರತಿ ಚದರ ಮೀಟರಿನ ಮೇಲೆ ನೀರು ಸೇರಿದ ಮಣ್ಣಿನ ಭಾರ ಸುಮಾರು 9.5 ಟನ್. ಅದರಲ್ಲಿ 4 ಟನ್ನನ್ನು ನೀರಿನ ಒತ್ತಡವೇ ಹೊರುತ್ತದೆ, ಉಳಿದ 5.5 ಟನ್ ಮರಳಿನ ಕಣದಿಂದ ಕಣಕ್ಕೆ ದಾಟುತ್ತದೆ. ಮರಳಿಗೆ ಬಲ ಬರುವುದು ಕಣಗಳು ಹೀಗೆ ಒಂದನ್ನೊಂದು ಒತ್ತಿ ಉಜ್ಜುವುದರಿಂದಲೇ.

ಸೇರಿನಲ್ಲಿ ತುಂಬಿದ ಅಕ್ಕಿಯನ್ನು ಕುಟ್ಟಿದರೆ ಅದು ಕೆಳಗಿಳಿಯುತ್ತದೆ. ಸಡಿಲ ಮರಳೂ ಅಲುಗಾಡಿದಾಗ ಹಾಗೆಯೇ ಇಳಿಯಲು ನೋಡುತ್ತದೆ. ಆದರೆ ಸಂದುಗಳಲ್ಲಿ ನೀರಿದೆ, ಕೆಲವೇ ಸೆಕೆಂಡುಗಳಲ್ಲಿ ಅದು ಹೊರಗೆ ಹರಿದುಹೋಗಲಾರದು. ಪ್ರತಿ ತೂಗಾಟಕ್ಕೂ ಕಣಗಳ ಮೇಲಿನ ಭಾರ ಸ್ವಲ್ಪಸ್ವಲ್ಪವಾಗಿ ನೀರಿಗೆ ವರ್ಗವಾಗುತ್ತದೆ. ಆ 5.5 ಟನ್ ಪೂರ್ತಿ ನೀರಿನ ಪಾಲಾದ ಕ್ಷಣ ಕಣಗಳಿಗೆ ಪರಸ್ಪರ ಹಿಡಿತವಿಲ್ಲ, ಮರಳು ರಾಡಿಯಾಗುತ್ತದೆ. ಇದನ್ನೇ ದ್ರವೀಕರಣ ಎನ್ನುವುದು. ಕವಾಗಿಶಿ-ಚೋದ ಒಂದು ಕಟ್ಟಡದಲ್ಲಿದ್ದ ಕಂಪನಮಾಪಕದಲ್ಲಿ ಇದು ದಾಖಲಾಗಿದೆ: ಮೊದಲು ಚುರುಕಾದ ಅದುರು, ಸ್ವಲ್ಪ ಹೊತ್ತಿನಲ್ಲೇ ಅದು ನಿಂತು ಉದ್ದುದ್ದದ ತೂಗಾಟ. ಬಿಗಿಯಿಲ್ಲದ ನೆಲ ಚುರುಕು ಕಂಪನವನ್ನು ಮೇಲಕ್ಕೆ ಸಾಗಿಸಲಾರದು.

ಕಟ್ಟಡ ನೇರವಾಗಿ ಇಳಿಯದೆ ವಾಲುವುದೇಕೆ? ಭಾರ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ, ಮರಳಿನ ಪದರವೂ ಒಂದೇ ಸಮ ಇರುವುದಿಲ್ಲ. ಒಂದು ಅಂಚು ಮೊದಲು ತಗ್ಗಿದರೆ ಮೇಲಿನ ಭಾರ ಅತ್ತಲೇ ಸರಿದು ಅದೇ ಅಂಚನ್ನು ಇನ್ನಷ್ಟು ಒತ್ತುತ್ತದೆ. ಎತ್ತರದ ಕಟ್ಟಡಕ್ಕೆ ಈ ಅಪಾಯ ಹೆಚ್ಚು. ಅದೇ ರಾಡಿಯಲ್ಲಿ ಹಗುರವಾದ ಖಾಲಿ ತೊಟ್ಟಿಗಳು ತೇಲಿ ಮೇಲೇಳುತ್ತವೆ.

ಎಲ್ಲ ನೆಲವೂ ಹೀಗಾಗುವುದಿಲ್ಲ. ಗಟ್ಟಿ ಜೇಡಿ, ದಟ್ಟವಾಗಿ ಕೂತ ಮರಳು, ನೀರು ಮುಟ್ಟದ ಪದರ ಇವುಗಳಿಗೆ ಈ ಭಯವಿಲ್ಲ. ಆದ್ದರಿಂದ ಜಾಗ ಜಾಗಕ್ಕೂ ಬೋರ್ ಹಾಕಿ ನೋಡಲೇಬೇಕು. 63.5 ಕಿಲೋ ಸುತ್ತಿಗೆಯನ್ನು 75 ಸೆಂ.ಮೀ. ಎತ್ತರದಿಂದ ಬೀಳಿಸಿ, ಕೊಳವೆ 30 ಸೆಂ.ಮೀ. ಇಳಿಯಲು ಎಷ್ಟು ಪೆಟ್ಟು ಬೇಕಾಯಿತು ಎಂದು ಎಣಿಸುತ್ತಾರೆ. ನೀರಿನ ಮಟ್ಟದ ಕೆಳಗೆ, ಕಡಿಮೆ ಆಳದಲ್ಲಿ, ಶುದ್ಧ ಮರಳಿಗೆ ಹತ್ತಕ್ಕಿಂತ ಕಡಿಮೆ ಪೆಟ್ಟು ಬಂದರೆ ನನಗೆ ಆತಂಕ. ಆಳಕ್ಕೆ ತಕ್ಕಂತೆ ಸರಿಪಡಿಸಿದ ಸಂಖ್ಯೆ 30 ದಾಟಿದರೆ ಸಾಮಾನ್ಯವಾಗಿ ನಿಶ್ಚಿಂತೆ. ಇದರ ಲೆಕ್ಕದ ಕ್ರಮವನ್ನು ಭೂಕಂಪ ತಡೆಯುವ ಕಟ್ಟಡಗಳಿಗಾಗಿ ಇರುವ ನಮ್ಮ ಐಎಸ್ 1893 ಸಂಹಿತೆಯ 2016ರ ಆವೃತ್ತಿಯೇ ಕೊಟ್ಟಿದೆ.

ತಪ್ಪುವುದು ಎರಡು ಕಡೆ. ಪಾಯದ ಆಳಕ್ಕಷ್ಟೇ ಬೋರ್ ಇಳಿಸಿ, ಮಣ್ಣು ಎಷ್ಟು ಭಾರ ತಡೆಯುತ್ತದೆ ಎಂಬ ಒಂದು ಅಂಕಿ ಬರೆದು ವರದಿ ಮುಗಿಸುತ್ತಾರೆ. ಆ ಅಂಕಿ ನೆಲ ಅಲುಗದೆ ಇದ್ದಾಗಿನದು. ಇನ್ನು ನೀರಿನ ಮಟ್ಟವನ್ನು ಬೇಸಿಗೆಯಲ್ಲಿ ಅಳೆದು ಅದನ್ನೇ ವರ್ಷವಿಡೀ ನಂಬುತ್ತಾರೆ. ಗಂಗಾ ಬಯಲಿನಲ್ಲಿ ಮಳೆಗಾಲಕ್ಕೆ ನೀರು ಮೇಲಕ್ಕೆ ಬರುವುದು ಅಲ್ಲಿನ ಪ್ರತಿ ರೈತನಿಗೂ ಗೊತ್ತು.

ಪೈಲ್, ಅಂದರೆ ನೆಲದಾಳಕ್ಕೆ ಇಳಿಸುವ ಪಾಯದ ಕಂಬ, ಹಾಕಿಬಿಟ್ಟರೆ ಸಾಕು ಎನ್ನುವಂತೆಯೂ ಇಲ್ಲ. 2001ರ ಭುಜ್ ಭೂಕಂಪದಲ್ಲಿ ಕಾಂಡ್ಲಾ ಬಂದರಿನ 22 ಮೀಟರ್ ಎತ್ತರದ ಕಚೇರಿ ಗೋಪುರ ಪೈಲ್‌ಗಳ ಮೇಲೆಯೇ ನಿಂತಿತ್ತು. ಅಡಿಯ ಮರಳು ದ್ರವೀಕರಿಸಿ ಅದೂ ವಾಲಿತು. ಪೈಲ್‌ನ ತುದಿ ರಾಡಿಯಾಗುವ ಪದರವನ್ನು ದಾಟಿ ಗಟ್ಟಿ ನೆಲವನ್ನು ಮುಟ್ಟಬೇಕು, ಆ ಪದರ ಪಕ್ಕಕ್ಕೆ ತಳ್ಳಿದರೂ ಮುರಿಯದಷ್ಟು ಬಲ ಅದಕ್ಕಿರಬೇಕು. ಇಲ್ಲವಾದರೆ ಕಟ್ಟುವ ಮೊದಲೇ ಕಲ್ಲಿನ ಕಂಬಗಳನ್ನು ಇಳಿಸಿ ಮರಳನ್ನು ಒತ್ತಾಗಿಸಬೇಕು.

ನನ್ನ ವಿನಂತಿ ಇಷ್ಟು. ನದಿಮರಳಿನ ಜಿಲ್ಲೆಗಳಲ್ಲಿ ಕೇಂದ್ರ ಯೋಜನೆಯ ಪ್ರತಿ ಬಹುಮಹಡಿ ಕಟ್ಟಡಕ್ಕೂ ಕನಿಷ್ಠ 20 ಮೀಟರ್ ಆಳದ ಬೋರ್ ಕಡ್ಡಾಯವಾಗಲಿ. ಮಳೆಗಾಲದ ನೀರಿನ ಮಟ್ಟವನ್ನೇ ಹಿಡಿದು ದ್ರವೀಕರಣದ ಲೆಕ್ಕ ಮಾಡಿಸಿ. ಆ ವರದಿ ಕಡತದಲ್ಲಿ ಇಲ್ಲದೆ ಮೊದಲ ಕಂತು ಬಿಡುಗಡೆಯಾಗದಂತೆ ಆದೇಶ ಹೊರಡಿಸಿ.

ಇಂತಿ,
ಮಣ್ಣು ಪರೀಕ್ಷೆಯ ಕೆಲಸದಲ್ಲಿರುವ ಒಬ್ಬ ಕನ್ನಡಿಗ ಎಂಜಿನಿಯರ್