ದೊಡ್ಡಮ್ಮನ ಫೋನಿನಲ್ಲಿ ಹತ್ತನೇ ಕ್ಲಾಸು

ಬಿ.ಕಾಂ. ಫಲಿತಾಂಶ ಬಂತು, ಪಾಸಾದೆ. ಸಾಗರದ ಹತ್ತಿರ ಒಂದು ಅಡಿಕೆ ಸೊಸೈಟಿಯಲ್ಲಿ ಕೆಲಸವೂ ಸಿಕ್ಕಿದೆ. ಫೋನ್ ಮಾಡಿದವರಿಗೆ, ಮೆಸೇಜ್ ಹಾಕಿದವರಿಗೆ ಎಲ್ಲರಿಗೂ ಥ್ಯಾಂಕ್ಸ್. ಆದರೆ ಮೊದಲು ಥ್ಯಾಂಕ್ಸ್ ಹೇಳಬೇಕಾದವರ ವಿಷಯ ಇಷ್ಟು ವರ್ಷ ಹೊರಗೆ ಹೇಳುವ ಹಾಗಿರಲಿಲ್ಲ. ಮೊನ್ನೆ ದೊಡ್ಡಮ್ಮನನ್ನೇ ಕೇಳಿದೆ, ಬರೀಲಾ ಅಂತ. "ಬರಿ ಮಾರಾಯ್ತಿ, ಗೊತ್ತಾಗಬೇಕಾದವರಿಗೆಲ್ಲ ಗೊತ್ತಾಗಿ ಮುಗೀತಲ್ಲ" ಅಂದರು. ಅದಕ್ಕೇ ಬರೆಯುತ್ತಿದ್ದೇನೆ.

2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದಾಗ ನಾನು ಒಂಬತ್ತನೇ ಕ್ಲಾಸು. ಪರೀಕ್ಷೆ ಇಲ್ಲದೆ ಹತ್ತಕ್ಕೆ ಬಂದೆ. ಜುಲೈ ಹೊತ್ತಿಗೆ ಗಣಿತದ ಸರ್ ಜೂಮ್‌ನಲ್ಲಿ ಪಾಠ ಶುರು ಮಾಡಿದರು. ನಮ್ಮ ಮನೆಯಲ್ಲಿ ಇದ್ದದ್ದು ಅಪ್ಪನ ಬಟನ್ ಫೋನು. ಹಿಂದಿನ ಎರಡು ಮಳೆಗಾಲದಲ್ಲಿ ತೋಟಕ್ಕೆ ಕೊಳೆ ರೋಗ ಬಂದು ಸೊಸೈಟಿ ಸಾಲ ಹಾಗೇ ಉಳಿದಿತ್ತು. ಹೊಸ ಫೋನಿನ ಮಾತೆತ್ತಿದರೆ ಅಪ್ಪ ಎದ್ದು ತೋಟಕ್ಕೆ ಹೋಗಿಬಿಡುತ್ತಿದ್ದರು. ಟೀವಿಯಲ್ಲಿ ಚಂದನ ವಾಹಿನಿಯವರು ಪಾಠ ಹಾಕುತ್ತಿದ್ದರು, ಅದು ಒಳ್ಳೆಯದೇ ಇತ್ತು. ಆದರೆ ನಮ್ಮಲ್ಲಿ ಮಳೆ ಶುರುವಾದರೆ ಕರೆಂಟ್ ಇರಬೇಕಲ್ಲ? ಇದ್ದಾಗಲೂ ಟೀವಿಗೆ ಕೈ ಎತ್ತಿ ಸಂಶಯ ಕೇಳೋಕಾಗಲ್ಲ.

ಪಕ್ಕದ ಮನೆಯಲ್ಲಿ ಫೋನ್ ಇತ್ತು. ಪಕ್ಕದ ಮನೆ ಅಂದರೆ ದೊಡ್ಡಪ್ಪನ ಮನೆ. ಪಾಲಾದಾಗ ತೋಟದ ನಡುವಿನ ಬಸಿಗಾಲುವೆ ಯಾರಿಗೆ ಸೇರಬೇಕು ಅಂತ ಶುರುವಾದ ಜಗಳದಲ್ಲಿ ಎರಡು ಮನೆಗೂ ಮಾತು ಬಿಟ್ಟುಹೋಗಿತ್ತು. ಮಾತಿಲ್ಲ ಅನ್ನೋದು ಗಂಡಸರ ಲೆಕ್ಕ. ಅಮ್ಮ ಮತ್ತು ದೊಡ್ಡಮ್ಮ ದಣಪೆ ಹತ್ತಿರ ನಿಂತು ಮಜ್ಜಿಗೆ ಹೆಪ್ಪಿನಿಂದ ಹಿಡಿದು ಎಲ್ಲವನ್ನೂ ಕೊಟ್ಟು ತಗೊಂಡು ಮಾಡುತ್ತಲೇ ಇದ್ದರು. ಬೆಂಗಳೂರಿನಲ್ಲಿರೋ ಅಣ್ಣ ದೊಡ್ಡಮ್ಮನಿಗೆ ಕೊಡಿಸಿದ್ದ ಟಚ್ ಫೋನನ್ನು ಹಗಲು ಹೊತ್ತು ಯಾರೂ ಮುಟ್ಟುತ್ತಿರಲಿಲ್ಲ. ರಾತ್ರಿ ದೊಡ್ಡಪ್ಪ ಅದರಲ್ಲಿ ಯಕ್ಷಗಾನ ನೋಡುತ್ತಿದ್ದರು, ಅಷ್ಟೇ.

ಅಮ್ಮ ಕೇಳಿದಳು. ದೊಡ್ಡಮ್ಮ ಒಂಚೂರೂ ಹಿಂದೆ ಮುಂದೆ ನೋಡಲಿಲ್ಲ. ಆದರೆ ಇಬ್ಬರು ಗಂಡಸರಿಗೂ ತಿಳಿಯಬಾರದು.

ಹಗಲು ಹೊತ್ತು ಪಾಠ ಕೇಳುವಷ್ಟು ಸಿಗ್ನಲ್ ಇದ್ದದ್ದು ಮನೆಯ ಹಿಂದಿನ ಸೊಪ್ಪಿನ ಬೆಟ್ಟದ ನೆತ್ತಿಯಲ್ಲಿ ಮಾತ್ರ. ಅದೂ ಒಂದು ರೀತಿಯಲ್ಲಿ ಒಳ್ಳೆಯದೇ ಆಯ್ತು. ಮಳೆಗಾಲದಲ್ಲಿ ಕೊಟ್ಟಿಗೆಗೆ ದಿನವೂ ಹಸಿ ಸೊಪ್ಪು ಬೇಕು. "ಸೊಪ್ಪಿಗೆ ಹೋಗ್ತೀನಿ" ಅಂದರೆ ಅಪ್ಪ ಯಾಕೆ ಅಂತ ಕೇಳುತ್ತಿರಲಿಲ್ಲ. ದೊಡ್ಡಪ್ಪ ತಿಂಡಿ ಮುಗಿಸಿ ತೋಟಕ್ಕೆ ಇಳಿದ ಮೇಲೆ ದೊಡ್ಡಮ್ಮ ಫೋನನ್ನು ಹಾಲಿನ ಪ್ಯಾಕೆಟ್ಟಿನ ಕವರಿಗೆ ಹಾಕಿ, ಕತ್ತಿಯ ಜೊತೆ ಬುಟ್ಟಿಯಲ್ಲಿಟ್ಟುಕೊಂಡು ಬೆಟ್ಟ ಹತ್ತುತ್ತಿದ್ದರು. ನಾನು ಇನ್ನೊಂದು ದಾರಿಯಲ್ಲಿ. ಹನ್ನೊಂದಕ್ಕೆ ಪಾಠ.

ಸೊಪ್ಪಿಗೆ ಹೋದವಳು ಬರಿಗೈಯಲ್ಲಿ ಬಂದರೆ ಆಗುತ್ತಾ? ಪಾಠ ಮುಗಿಯುವ ಹೊತ್ತಿಗೆ ದೊಡ್ಡಮ್ಮ ತಮ್ಮ ಹೊರೆಯ ಜೊತೆ ನನ್ನದೊಂದು ಹೊರೆಯನ್ನೂ ಕಡಿದು ಕಟ್ಟಿಟ್ಟಿರುತ್ತಿದ್ದರು. ಅವರಿಗೆ ಆಗಲೇ ಸೊಂಟ ನೋವು. ನಾನು ಕಂಬಳಿಕೊಪ್ಪೆ ಹಾಕಿಕೊಂಡು ಬಂಡೆಯ ಮೇಲೆ ಕೂತು ವರ್ಗ ಸಮೀಕರಣ ಬಿಡಿಸುತ್ತಿದ್ದೆ, ಅವರು ಮಳೆಯಲ್ಲಿ ಸೊಪ್ಪು ಕಡಿಯುತ್ತಿದ್ದರು. ಮಧ್ಯೆ ಬಂದು ನನ್ನ ಕಾಲಿನ ಉಂಬಳ ಕಿತ್ತು ಸುಣ್ಣ ಹಚ್ಚಿ ಹೋಗುತ್ತಿದ್ದರು. ಪಾಠದ ಮಧ್ಯೆ ನಾನು ಮಾತಾಡಬಾರದು ಅಂತ ಅವರಿಗೆ ಭಾರೀ ಶಿಸ್ತು. ಉಂಬಳ ಹತ್ತಿದ್ದನ್ನೂ ಸನ್ನೆಯಲ್ಲೇ ಹೇಳುತ್ತಿದ್ದರು.

ಬೇರೆಯವರ ಫೋನಿನಲ್ಲಿ ಕ್ಲಾಸ್ ಕೇಳೋದು ಫೋನ್ ಕೈಗೆ ಸಿಕ್ಕಿದ ಕೂಡಲೇ ಆಗುವ ಕೆಲಸ ಅಲ್ಲ. ಮೊದಲ ದಿನವೇ ಸರ್ ಹಾಜರಿ ಕೂಗುವಾಗ ನನ್ನ ಹೆಸರಿಗೆ ಯಾರೂ ಇಲ್ಲ. ಪರದೆಯ ಮೇಲೆ ಫೋನಿನ ಮಾಡೆಲ್ ಹೆಸರು ಬಂದಿತ್ತು. "ಇದ್ಯಾರಪ್ಪ, ಹೊರಗಿನವರು?" ಅಂತ ಸರ್ ನನ್ನನ್ನು ಹೊರಗೆ ಹಾಕಿಬಿಟ್ಟರು. ಸ್ನೇಹಿತೆ ಹೇಳಿದ ಮೇಲೆ Rename ಒತ್ತಿ ಹೆಸರು ಬದಲಾಯಿಸಿದೆ. ಮಳೆಯಲ್ಲಿ ಅದೂ ಸುಲಭ ಇಲ್ಲ. ಒದ್ದೆ ಬೆರಳಿಗೆ ಪರದೆ ಮಾತು ಕೇಳಲ್ಲ, ಒಂದು ಹನಿ ಬಿದ್ದರೆ ತಾನಾಗೇ ಎಲ್ಲೆಲ್ಲೋ ಒತ್ತಿಕೊಳ್ಳುತ್ತದೆ. ಹಾಗಾಗಿ ಕೊಪ್ಪೆಯ ಒಳಗೆ ಒಂದು ಒಣ ಟವೆಲ್ ಯಾವಾಗಲೂ ಇರುತ್ತಿತ್ತು.

ಸರ್ ಬಳಸುತ್ತಿದ್ದದ್ದು ದುಡ್ಡು ಕೊಡದ ಜೂಮ್. 40 ನಿಮಿಷಕ್ಕೆ ಅದು ತಾನಾಗೇ ಮುಚ್ಚಿಕೊಳ್ಳುತ್ತದೆ, ಮತ್ತೆ ಅದೇ ಲಿಂಕ್ ಒತ್ತಿ ಸೇರಬೇಕು. ಪೇಟೆಯ ಮಕ್ಕಳು ಅರ್ಧ ನಿಮಿಷದಲ್ಲಿ ಸೇರುತ್ತಿದ್ದರು. ಬೆಟ್ಟದ ಮೇಲೆ ಆ ಚಕ್ರ ತಿರುಗಿ ತಿರುಗಿ ನಾನು ಒಳಗೆ ಹೋಗುವಷ್ಟರಲ್ಲಿ ಒಂದು ಲೆಕ್ಕ ಮುಗಿದಿರುತ್ತಿತ್ತು. ಇದನ್ನು ಸರ್‌ಗೆ ಹೇಳಿದೆ. ಅವತ್ತಿನಿಂದ ಅವರು ಎರಡನೇ ಸಲ ಸೇರಿದ ಮೇಲೆ ಹೊಸ ಲೆಕ್ಕ ಶುರು ಮಾಡದೆ, ಹಿಂದಿನದರ ಉತ್ತರ ಎಲ್ಲರ ಹತ್ತಿರ ಹೇಳಿಸುತ್ತಾ ಸ್ವಲ್ಪ ಕಾಯುತ್ತಿದ್ದರು. ಯಾರಿಗಾಗಿ ಕಾಯುತ್ತಿದ್ದೇನೆ ಅಂತ ಕ್ಲಾಸಿನಲ್ಲಿ ಒಂದು ದಿನವೂ ಹೇಳಲಿಲ್ಲ. ಸರ್, ಅದಕ್ಕೆ ಜಾಸ್ತಿ ಥ್ಯಾಂಕ್ಸ್.

ಸಿಕ್ಕಿಬೀಳುವ ಹಾಗಾದದ್ದು ಎರಡು ಸಲ. ಮೊದಲನೆಯದು ವಾಟ್ಸಾಪ್‌ನಿಂದ. ಕ್ಲಾಸಿನ ಗ್ರೂಪಿಗೆ ಸೇರಿಸಿದ್ದು ದೊಡ್ಡಮ್ಮನ ನಂಬರು. ಸರ್ ಹಾಕುವ ಬೋರ್ಡಿನ ಫೋಟೋಗಳೆಲ್ಲ ತಾವಾಗೇ ಗ್ಯಾಲರಿಗೆ ಬಂದು ಕೂರುತ್ತಿದ್ದವು. ಒಂದು ಸಂಜೆ ದೊಡ್ಡಪ್ಪ ಯಾರಿಗೋ ಕರುವಿನ ಫೋಟೋ ತೋರಿಸಲು ಹೋದರೆ ಬಂದದ್ದು ಥೇಲ್ಸನ ಪ್ರಮೇಯ. "ಇದೆಂಥದೇ ತ್ರಿಕೋನ?" ಅಂತ ಕೇಳಿದರಂತೆ. ದೊಡ್ಡಮ್ಮ ಒಲೆ ಮುಂದಿನಿಂದಲೇ "ರಂಗೋಲಿ" ಅಂದರಂತೆ. ಮರುದಿನ ಆ ಗ್ರೂಪಿಗೆ Media visibility ತೆಗೆದೆ, ಶಬ್ದ ಬರದ ಹಾಗೆ ಮಾಡಿ ಆರ್ಕೈವ್‌ಗೆ ಹಾಕಿದೆ. ಫೋಟೋ ಬೇಕಾದಾಗ ಗ್ರೂಪಿನ ಒಳಗೇ ನೋಡಬಹುದು, ಗ್ಯಾಲರಿಗೆ ಬರಲ್ಲ.

ಎರಡನೆಯದು ಡೇಟಾದಿಂದ. ಅದಕ್ಕೆ ರಂಗೋಲಿ ಅಂದರೆ ನಡೆಯುವುದಿಲ್ಲವಲ್ಲ. ದಿನಕ್ಕೆ 1.5 ಜಿಬಿ ಪ್ಯಾಕು. ನಲವತ್ತು ಮಕ್ಕಳೂ ವಿಡಿಯೊ ಹಾಕಿ ಕೂತರೆ ಒಂದು ಪಾಠಕ್ಕೆ ಮುನ್ನೂರು ನಾನೂರು ಎಂಬಿ ಹೋಗುತ್ತದೆ. ಮೂರು ಪಾಠ ಇದ್ದ ದಿನ ರಾತ್ರಿ ಭಾಗವತರು ಪದ ಎತ್ತಿದ ಕೂಡಲೇ ದೊಡ್ಡಪ್ಪನ ಯಕ್ಷಗಾನ ನಿಂತುಹೋಗುತ್ತಿತ್ತು. "ಇಡೀ ದಿನ ಮುಟ್ಟದ ಫೋನಿನಲ್ಲಿ ನೆಟ್ ಎಲ್ಲಿಗೆ ಹೋಗುತ್ತೆ?" ಅಂತ ಅವರಿಗೆ ಸಂಶಯ. ಪೇಟೆಯ ಅಂಗಡಿಗೆ ಒಯ್ದು ತೋರಿಸ್ತೀನಿ ಅಂತ ಹೊರಟಿದ್ದರಂತೆ.

ಆಗ ವಿಜ್ಞಾನದ ಮೇಡಂ ಒಂದು ಉಪಾಯ ಹೇಳಿಕೊಟ್ಟರು. ಜೂಮ್‌ನಲ್ಲಿ ಪರದೆಯನ್ನು ಪಕ್ಕಕ್ಕೆ ಸರಿಸಿದರೆ Safe Driving Mode ಅಂತ ಬರುತ್ತಿತ್ತು. ಕಾರು ಓಡಿಸುವವರಿಗೆ ಮಾಡಿದ್ದು. ವಿಡಿಯೊ ಏನೂ ಬರಲ್ಲ, ಧ್ವನಿ ಮಾತ್ರ. ಒಂದು ಪಾಠಕ್ಕೆ ಇಪ್ಪತ್ತು ಮೂವತ್ತು ಎಂಬಿ ಸಾಕು. ನಮ್ಮ ಮನೆಯಲ್ಲಿ ಸೈಕಲ್ಲೂ ಇರಲಿಲ್ಲ, ನಾನು ಮಾತ್ರ ದಿನವೂ ಡ್ರೈವಿಂಗ್ ಮೋಡ್‌ನಲ್ಲಿ ಇರುತ್ತಿದ್ದೆ. ಸಮಾಜ, ಕನ್ನಡ ಹೀಗೆ ಕೇಳಿದರೆ ಸಾಕು. ಗಣಿತ, ವಿಜ್ಞಾನ ಆಗಲ್ಲ. "ಇಲ್ಲಿ ನೋಡಿ, ಈ ಕೋನ" ಅಂದರೆ ಯಾವ ಕೋನ? ಅದಕ್ಕೆ ಸರ್ "ಎಬಿಸಿ ಕೋನ" ಅಂತ ಹೆಸರು ಹಿಡಿದೇ ಹೇಳತೊಡಗಿದರು. ಬೋರ್ಡಿನ ಫೋಟೋವನ್ನು ಪಾಠಕ್ಕೆ ಮೊದಲೇ ಗ್ರೂಪಿಗೆ ಹಾಕತೊಡಗಿದರು. ನಾನು ಅದನ್ನು ನೋಟ್ಸಿನಲ್ಲಿ ಬರೆದುಕೊಂಡು, ಆಮೇಲೆ ಕಿವಿಯಲ್ಲಿ ಕೇಳುತ್ತಾ ಬೆರಳಿಟ್ಟು ಹಿಂಬಾಲಿಸುತ್ತಿದ್ದೆ.

ಆದರೂ ದೊಡ್ಡಪ್ಪನಿಗೆ ಗೊತ್ತಾಯಿತು. ನನಗೆ ಜ್ವರ ಬಂದು ಎರಡು ದಿನ ಹೋಗಿರಲಿಲ್ಲ. ಸರ್ ಕಾಳಜಿಯಿಂದ ಆ ನಂಬರಿಗೆ ಸಂಜೆ ಫೋನ್ ಮಾಡಿದರು. ಎತ್ತಿದ್ದು ದೊಡ್ಡಪ್ಪ. "ನಿಮ್ಮ ಮಗಳು ಯಾಕೆ ಕ್ಲಾಸಿಗೆ ಬರ್ತಿಲ್ಲ?" ದೊಡ್ಡಪ್ಪನಿಗೆ ಇರೋದು ಒಬ್ಬನೇ ಮಗ. ಒಂದು ಗಳಿಗೆ ಸುಮ್ಮನಿದ್ದು, "ಹುಷಾರಿಲ್ಲ ಸರ್, ನಾಳೆ ನಾಡಿದ್ದು ಬರ್ತಾಳೆ" ಅಂದರಂತೆ. ದೊಡ್ಡಮ್ಮ ಬೈಗಳಿಗೆ ಕಾದು ನಿಂತಿದ್ದರೆ ಅವರು ಹೇಳಿದ್ದು ಒಂದೇ ಮಾತು: "ರಾತ್ರಿಗೆ ಅರ್ಧ ಜಿಬಿ ಉಳಿಸಬೇಕು ಅಂತ ಹೇಳು ಅವಳಿಗೆ."

ಉಳಿಸಿದೆ. ನನ್ನ ಅಪ್ಪನಿಗೆ ಅವರೂ ಹೇಳಲಿಲ್ಲ. ನನ್ನನ್ನು ಕಂಡರೆ ಮೊದಲಿನ ಹಾಗೇ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು.

2021ರ ಜನವರಿ 1ರಂದು ಹತ್ತನೆಯವರಿಗೆ ಶಾಲೆ ತೆರೆಯಿತು. ಏಪ್ರಿಲ್ ಕೊನೆಗೆ ಎರಡನೇ ಅಲೆ ಬಂದು ಮತ್ತೆ ಬೆಟ್ಟ. ಈ ಸಲ ಪರೀಕ್ಷೆಯೇ ಬೇರೆ ಥರ. ಜುಲೈ 19ಕ್ಕೆ ಗಣಿತ, ವಿಜ್ಞಾನ, ಸಮಾಜ ಮೂರೂ ಒಟ್ಟಿಗೆ, 22ಕ್ಕೆ ಮೂರು ಭಾಷೆ. ವಿಷಯಕ್ಕೆ 40 ಅಂಕ, ಎಲ್ಲವೂ ಸರಿ ಉತ್ತರ ಆರಿಸುವ ಪ್ರಶ್ನೆ, ಒಎಂಆರ್ ಹಾಳೆಯಲ್ಲಿ ವೃತ್ತ ತುಂಬಬೇಕು. ಸರ್ ಮಾದರಿ ಹಾಳೆಯನ್ನು ಪಿಡಿಎಫ್ ಮಾಡಿ ಕಳಿಸಿದರು. ಪ್ರಿಂಟ್ ತೆಗೆಸಲು ಪೇಟೆಯ ಅಂಗಡಿಗಳು ಮುಚ್ಚಿದ್ದವು. ದೊಡ್ಡಮ್ಮನ ಕುಂಕುಮದ ಭರಣಿಯ ಮುಚ್ಚಳ ಇಟ್ಟು ಪುಸ್ತಕದಲ್ಲಿ ವೃತ್ತ ಎಳೆದುಕೊಂಡೆ. ಅಸಲಿ ಹಾಳೆಯ ವೃತ್ತ ತೀರಾ ಚಿಕ್ಕದು ಅಂತ ಪರೀಕ್ಷೆಯ ದಿನವೇ ಗೊತ್ತಾಗಿದ್ದು.

ಆಗಸ್ಟ್ 9ಕ್ಕೆ ಫಲಿತಾಂಶ, ಅಂಕಗಳನ್ನು ಎಂದಿನ ಹಾಗೆ 625ಕ್ಕೆ ಲೆಕ್ಕ ಹಾಕಿ ಕೊಟ್ಟಿದ್ದರು. ಸರ್ ಮತ್ತೆ ಆ ನಂಬರಿಗೇ ಫೋನ್ ಮಾಡಿದರು, ಮತ್ತೆ ದೊಡ್ಡಪ್ಪನೇ ಎತ್ತಿದರು. ಅಪ್ಪ ತೋಟದಲ್ಲಿದ್ದರು. ದೊಡ್ಡಪ್ಪ ಬಸಿಗಾಲುವೆಯ ಆಚೆ ದಂಡೆಯಲ್ಲಿ ನಿಂತು, "ಏಯ್, ನಿನ್ನ ಮಗಳದ್ದು ಐನೂರು ದಾಟಿದೆಯಂತೆ!" ಅಂತ ಕೂಗಿದರು. ವರ್ಷಗಳ ಮೇಲೆ ಅಣ್ಣ ತಮ್ಮನಿಗೆ ಆಡಿದ ಮೊದಲ ಮಾತು ಅದು. ಆ ವರ್ಷದವರನ್ನು ಕೊರೊನಾ ಬ್ಯಾಚು, ಸುಮ್ನೆ ಪಾಸಾದವರು ಅಂತ ಈಗಲೂ ಕೆಲವರು ಹೇಳ್ತಾರೆ. ಹೇಳಲಿ ಬಿಡಿ. ಸೊಪ್ಪಿನ ಹೊರೆ ಹೊತ್ತವರಿಗೆ ಗೊತ್ತು.

ಅಪ್ಪ ಮೊದಲು ಕೇಳಿದ್ದು ಅಂಕ ಅಲ್ಲ, "ಇವನ ಫೋನಿಗೆ ಯಾಕೆ ಬಂತು?" ಅಂತ. ಅಮ್ಮ ಎಲ್ಲಾ ಹೇಳಿದಳು. ಬೈಯಲಿಲ್ಲ, ಊಟಕ್ಕೆ ಮಾತ್ರ ತಡವಾಗಿ ಬಂದರು. ಮರುದಿನ ರೀಚಾರ್ಜಿನ ದುಡ್ಡು ಲೆಕ್ಕ ಹಾಕಿ ನನ್ನ ಕೈಯಲ್ಲಿ ಕೊಟ್ಟು ಕಳಿಸಿದರು. ದೊಡ್ಡಪ್ಪ ವಾಪಸ್ ಕಳಿಸಿದರು. ಅಪ್ಪ ಮತ್ತೆ ಕಳಿಸಿದರು. ಕೊನೆಗೆ ದೊಡ್ಡಮ್ಮ ದಾರಿಯಲ್ಲೇ ನನ್ನಿಂದ ಇಸಕೊಂಡು ಸಾಸಿವೆ ಡಬ್ಬಿಗೆ ಹಾಕಿಕೊಂಡರು. ಬಸಿಗಾಲುವೆಯ ವಿಷಯ ಇನ್ನೂ ಬಗೆಹರಿದಿಲ್ಲ. ಈಗ ಇಬ್ಬರೂ ಎದುರೆದುರು ನಿಂತು ಜಗಳ ಆಡುತ್ತಾರೆ, ಅಷ್ಟೇ ವ್ಯತ್ಯಾಸ.

ದೊಡ್ಡಮ್ಮ, ಮೊದಲ ಸಂಬಳದಲ್ಲಿ ನಿಮಗೆ ಸೊಂಟದ ಬೆಲ್ಟು ತರ್ತೀನಿ, ಬೇಡ ಅನ್ನಬಾರದು. ದೊಡ್ಡಪ್ಪ, ನಿಮ್ಮ ಫೋನಿಗೆ ಇನ್ನು ಮೇಲೆ ರೀಚಾರ್ಜ್ ನನ್ನದು, ಇಡೀ ರಾತ್ರಿಯ ಆಟ ನೋಡಿ. ಹೆಸರು ಬದಲಾಯಿಸೋದು ಹೇಳಿಕೊಟ್ಟ ಸ್ನೇಹಿತೆಗೆ, ಡ್ರೈವಿಂಗ್ ಮೋಡ್ ತೋರಿಸಿದ ಮೇಡಂಗೆ, ಎರಡು ಮನೆಯ ನಡುವೆ ಬಾಯಿ ಮುಚ್ಚಿಕೊಂಡಿದ್ದ ಅಮ್ಮನಿಗೆ ಥ್ಯಾಂಕ್ಸ್.

ಬರೋ ಭಾನುವಾರ ಮಧ್ಯಾಹ್ನ ಮನೆಯಲ್ಲಿ ಒಂದು ಸಣ್ಣ ಊಟ ಇಟ್ಟುಕೊಂಡಿದ್ದೇವೆ, ಎರಡೂ ಮನೆಯವರು ಸೇರಿ. ಸರ್, ನೀವು ಬರಲೇಬೇಕು. ನಾನು ಕೂತು ಪಾಠ ಕೇಳಿದ ಬಂಡೆ ತೋರಿಸ್ತೀನಿ. ಬೆಟ್ಟ ಹತ್ತುವ ಮೊದಲು ಕಾಲಿಗೆ ಸುಣ್ಣ ಹಚ್ಚಿಕೊಳ್ಳಿ, ಉಂಬಳ ಈ ವರ್ಷವೂ ಜಾಸ್ತಿ ಇದೆ.