ಇದನ್ನು ಅಮ್ಮನಿಗೆ ಓದಿ ಹೇಳಬೇಡ

ವಾಗೆನಿಂಗನ್, ನೆದರ್‌ಲ್ಯಾಂಡ್ಸ್
ಜುಲೈ, ಭಾನುವಾರ

ಪ್ರೀತಿಯ ಅಕ್ಕಾ,

ಅಪ್ಪಯ್ಯನ ಕಾಲುನೋವು ಅಂತ ನೀನೂ ಈಗ ಮನೆಯಲ್ಲೇ ಇದ್ದೀಯ. ಫೋನ್ ಮಾಡಿದರೆ ಅಮ್ಮ ಪಕ್ಕದಲ್ಲೇ ಇರುತ್ತಾಳೆ. ಅದಕ್ಕೇ ಪತ್ರ. ಓದಿ ನಿನ್ನಲ್ಲೇ ಇಟ್ಟುಕೋ. ಭಾವನಿಗೆ ಹೇಳಿದರೆ ಅಡ್ಡಿಯಿಲ್ಲ, ಅವರು ಸಂಜೆಯೊಳಗೆ ಮರೆತುಬಿಡುತ್ತಾರೆ.

ತೋಟಕ್ಕೆ ಎರಡನೇ ಔಷಧಿ ಹೊಡೆದಾಯ್ತಾ? ಮಳೆ ಹೊಳವೇ ಕೊಡುತ್ತಿಲ್ಲ, ಕೊನೆಗಾರ ಬಂದವನು ಜಗುಲಿಯಲ್ಲಿ ಕವಳ ಹಾಕಿ ವಾಪಸ್ ಹೋದ ಅಂತ ಅಮ್ಮ ಹೇಳಿದಳು. ಅದೇ ಫೋನಿನಲ್ಲಿ ಅವಳು ಇನ್ನೊಂದು ಮಾತೂ ಕೇಳಿದಳು, ನಿನಗೂ ಕೇಳಿಸಿರಬೇಕು. "ಸಾಗರದ ಹುಡುಗಿಗೆ ಏನೋ ಬಹುಮಾನ ಬಂತಂತೆ, ಅವಳಮ್ಮ ಫೋನ್ ಮಾಡಿದ್ದರು. ನಿಂಗೆ?" ನಾನು "ಅದು ಸುಮ್ನೆ ಒಂದು ಪೋಸ್ಟರ್ ಬಹುಮಾನ, ಅಂಥಾ ದೊಡ್ಡದೇನಲ್ಲ" ಅಂದೆ.

ಸುಳ್ಳು ಹೇಳಿದ್ದೆ ಅಕ್ಕಾ. ನಮ್ಮ ವಿಭಾಗದಲ್ಲಿ ವರ್ಷಕ್ಕೆ ಒಬ್ಬರಿಗೇ ಕೊಡುವುದು ಅದು. ಅದಕ್ಕಾಗಿ ನಾನೂ ಪೋಸ್ಟರ್ ಮಾಡಿದ್ದೆ, ನನಗೇ ಬರುತ್ತದೆ ಅಂತ ಒಳಗೊಳಗೇ ಖಾತ್ರಿಯೂ ಇತ್ತು. ಹೆಸರು ಕರೆದಾಗ ನಾನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ. ಅಷ್ಟು ಜೋರಾಗಿ ಯಾಕೆ ತಟ್ಟಿದೆ ಅಂತ ಕೈ ನೋಡಿಕೊಂಡಾಗಲೇ ನನಗೆ ಅನುಮಾನ ಬಂದಿದ್ದು.

ಅವಳು ನಿನಗೆ ಗೊತ್ತಲ್ಲ, ನವಿಲೆಯ ಕೃಷಿ ಕಾಲೇಜಿನ ಹಾಸ್ಟೆಲಿನಲ್ಲಿ ನನ್ನ ರೂಮಿನಲ್ಲೇ ಇದ್ದವಳು. ಇಲ್ಲಿಗೂ ಒಂದೇ ವರ್ಷ ಬಂದೆವು. ಇಬ್ಬರದೂ ಆಲೂಗಡ್ಡೆಯ ಅಂಗಮಾರಿ ಮೇಲೆ ಕೆಲಸ. ಆ ರೋಗ ತರುವುದು ಫೈಟಾಫ್ತೊರಾ ಅನ್ನುವ ಜೀವಿ. ನಮ್ಮ ಅಡಿಕೆಗೆ ಕೊಳೆ ರೋಗ ತರುವುದೂ ಅದರ ದಾಯಾದಿಯೇ.

ದಾಯಾದಿ ಅನ್ನುವ ಮಾತು ಸುಮ್ಮನೆ ಬಂತು, ಆದರೆ ವಿಷಯವೂ ಅದೇ. ಅಪ್ಪಯ್ಯ ಬೆಂಗಳೂರಿನ ಸಾಹುಕಾರರ ದುಡ್ಡು ನೋಡಿ ಯಾವತ್ತಾದರೂ ಸಂಕಟ ಪಟ್ಟಿದ್ದಾರಾ? ಬೇಲಿ ಆಚೆಯ ದೊಡ್ಡಪ್ಪನ ತೋಟಕ್ಕೆ ಕೊಳೆ ಬರದೆ ನಮ್ಮದಕ್ಕೆ ಬಂದ ವರ್ಷ ಮಾತ್ರ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅದೇ ಮೈಲುತುತ್ತ, ಅದೇ ಸುಣ್ಣ, ಅದೇ ಕೊನೆಗಾರ, ಅವರಿಗೆ ಮಾತ್ರ ಫಸಲು. ಅಮೆರಿಕದ ಟೆಸ್ಸರ್ ಅನ್ನುವ ಮನಶ್ಶಾಸ್ತ್ರಜ್ಞ ಇದನ್ನೇ ಸಿದ್ಧಾಂತ ಮಾಡಿದ್ದಾನೆ. ಗೆದ್ದವರು ಹತ್ತಿರದವರಾಗಿರಬೇಕು, ಗೆದ್ದ ವಿಷಯ ನಮಗೂ ಜೀವಕ್ಕೆ ಹತ್ತಿರದ್ದಾಗಿರಬೇಕು. ಎರಡೂ ಕೂಡಿದಾಗ ಹೊಟ್ಟೆ ಉರಿಯುವುದು ಜಾಸ್ತಿ. ವಿಷಯ ನಮ್ಮದಲ್ಲದಿದ್ದರೆ ಅದೇ ಹತ್ತಿರದವರ ಗೆಲುವು ನಮಗೆ ಹೆಮ್ಮೆ. ಅವಳು ಯಕ್ಷಗಾನಕ್ಕೆ ಬಹುಮಾನ ತಂದಿದ್ದರೆ ನಾನೇ ಊರಿಗೆಲ್ಲ ಫೋಟೋ ಕಳಿಸುತ್ತಿದ್ದೆ.

ಉರಿ ತಡೆಯಲಾರದೆ ನಾವು ಮೂರು ಕಡೆ ಓಡುತ್ತೇವಂತೆ. ಆ ಮನುಷ್ಯನಿಂದ ದೂರ ಆಗುತ್ತೇವೆ, ಇಲ್ಲ ಆ ವಿಷಯವೇ ನಮಗೆ ಮುಖ್ಯವಲ್ಲ ಅಂದುಕೊಳ್ಳುತ್ತೇವೆ, ಇಲ್ಲ ಅವರ ಗೆಲುವನ್ನೇ ಸಣ್ಣದು ಮಾಡುತ್ತೇವೆ. ನಾನು ಒಂದೇ ವಾರದಲ್ಲಿ ಮೂರನ್ನೂ ಮುಗಿಸಿದೆ. ಮಧ್ಯಾಹ್ನ ಅವಳ ಜೊತೆ ಊಟಕ್ಕೆ ಹೋಗುವುದು ಬಿಟ್ಟೆ, ಕೆಲಸ ಇದೆ ಅಂತ ನೆಪ. ಸಂಶೋಧನೆ ಸಾಕು, ಊರಿಗೆ ಬಂದು ತೋಟ ನೋಡಿಕೊಳ್ಳುತ್ತೇನೆ ಅಂತ ನಿನಗೆ ಮೆಸೇಜ್ ಮಾಡಿದ್ದೆನಲ್ಲ, ನೀನು ಖುಷಿಯಾಗಿ ಕೋಣೆ ಸಾರಿಸಿಡುತ್ತೇನೆ ಅಂದಿದ್ದೆ. ಅದೂ ಇದರದ್ದೇ ಪ್ರತಾಪ. ಮೂರನೆಯದು ತೀರ್ಪುಗಾರರದು. ಅವರಲ್ಲಿ ಒಬ್ಬರು ಅವಳ ಗೈಡ್‌ಗೆ ಪರಿಚಯ, ಅದಕ್ಕೇ ಕೊಟ್ಟರು ಅಂತ ಇಲ್ಲಿನ ಇನ್ನೊಬ್ಬ ಗೆಳತಿಯ ಹತ್ತಿರ ಹೇಳಿದೆ.

ಇದೊಂದನ್ನು ನಾನು ಸುಲಭಕ್ಕೆ ಬಿಡಲಿಲ್ಲ. ಅನ್ಯಾಯ ನಿಜವಾಗಿಯೂ ಆಗುತ್ತದಲ್ವಾ? ಹೊಟ್ಟೆಕಿಚ್ಚು ಅಂದುಕೊಂಡು ನಿಜವಾದ ಅನ್ಯಾಯವನ್ನೂ ನುಂಗಿಕೊಳ್ಳಬಾರದು. ಹಾಗಾಗಿ ಒಂದು ಲೆಕ್ಕ ಹಾಕಿ ನೋಡಿದೆ. ಇದೇ ತೀರ್ಪುಗಾರರು ನನಗೆ ಗುರುತೇ ಇಲ್ಲದ ಯಾರಿಗೋ ಕೊಟ್ಟಿದ್ದರೆ ಇದೇ ಮಾತು ಹೇಳುತ್ತಿದ್ದೆನಾ? ಊಹೆ ಮಾಡಬೇಕಾಗಿಯೂ ಬರಲಿಲ್ಲ. ಹೋದ ವರ್ಷ ಪಕ್ಕದ ಕಟ್ಟಡದ ಒಬ್ಬ ಹುಡುಗನಿಗೆ ಬಂದಿತ್ತು. ತೀರ್ಪುಗಾರರು ಅವರೇ. ಅವನ ಗೈಡ್ ಅವರಿಗೆ ಇನ್ನೂ ಜಾಸ್ತಿ ಪರಿಚಯ. ಆಗ ನಾನು ತುಟಿ ಪಿಟಕ್ ಅಂದಿರಲಿಲ್ಲ, ಕೇಕ್ ತಿಂದು ಬಂದಿದ್ದೆ. ಇಲ್ಲಿ ತೊಂದರೆ ತೀರ್ಪುಗಾರರದಲ್ಲ ಅಂತ ಅಲ್ಲಿಗೆ ಗೊತ್ತಾಯ್ತು.

ಈಗ ನಿನಗೆ ಹೇಳಬೇಕಾದ ನಿಜವಾದ ವಿಷಯ. ಇಷ್ಟೆಲ್ಲ ಬರೆದದ್ದು ಅದನ್ನು ಮುಂದೂಡೋಕೆ ಅನ್ನಿಸುತ್ತೆ.

ಈ ರೋಗದ ಬೀಜಕಗಳು ನೀರಿನಲ್ಲಿ ಈಜುತ್ತವೆ, ಎರಡೆರಡು ಬಾಲ ಇರುತ್ತವೆ. ಅವು ಹೊರಗೆ ಬರಬೇಕಾದರೆ ಬೀಜಕದ ಚೀಲಗಳಿರುವ ನೀರನ್ನು 4 ಡಿಗ್ರಿ ತಂಪಿನಲ್ಲಿ ಎರಡು ಮೂರು ಗಂಟೆ ಇಡಬೇಕು. ಆಮೇಲೆ ಹುಷಾರಾಗಿ ಬಳಸಬೇಕು. ನಳಿಕೆಯನ್ನು ಜೋರಾಗಿ ಕುಲುಕಿದರೆ ಬಾಲ ಉದುರಿಸಿಕೊಂಡು ಗುಂಡಗೆ ಕೂತುಬಿಡುತ್ತವೆ, ಮತ್ತೆ ಈಜುವುದಿಲ್ಲ. ಫೆಬ್ರವರಿಯಲ್ಲಿ ಅವಳು ನನ್ನ ಮೇಜಿನ ಹತ್ತಿರ ಬಂದು, "ನನ್ನವು ಯಾಕೋ ಈಜ್ತಾನೇ ಇಲ್ಲ ಕಣೇ, ಏನಿರಬಹುದು?" ಅಂದಳು. ಆ ಬೆಳಗ್ಗೆ ಅವಳು ನಳಿಕೆಯನ್ನು ಗಿರಗಿರ ಅಲ್ಲಾಡಿಸುವ ಯಂತ್ರದ ಮೇಲೆ ಒತ್ತಿ ಹಿಡಿದದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಮೊದಲ ವರ್ಷ ನಾನೂ ಅದೇ ತಪ್ಪು ಮಾಡಿ ಬೈಸಿಕೊಂಡವಳು. ಒಂದೇ ಮಾತು ಸಾಕಿತ್ತು, ಕುಲುಕಬೇಡ ಅಂತ. ನಾನು "ಟೆಂಪರೇಚರ್ ನೋಡ್ಕೋ" ಅಂದೆ.

ಅದು ಸುಳ್ಳಲ್ಲ. ಟೆಂಪರೇಚರ್ ನೋಡಿಕೊಳ್ಳಲೇಬೇಕು. ಆದರೆ ಉತ್ತರ ಅದಲ್ಲ ಅಂತ ನನಗೆ ಗೊತ್ತಿತ್ತು. ಅವಳು ಎರಡು ವಾರ ಫ್ರಿಜ್ ಬಾಗಿಲಿಗೆ ಥರ್ಮಾಮೀಟರ್ ಕಟ್ಟಿಕೊಂಡು ಒದ್ದಾಡಿದಳು. ಕೊನೆಗೆ ತಾನೇ ಒಂದೊಂದೇ ಹಂತ ಬದಲಾಯಿಸಿ ನೋಡಿ ಕಂಡುಹಿಡಿದಳು. ಯಾವ ಹಂತದಲ್ಲಿ ಎಷ್ಟು ಬೀಜಕ ಕೂತುಬಿಡುತ್ತವೆ ಅಂತ ಎಣಿಸಿ ಇಟ್ಟಿದ್ದಳು. ಪೋಸ್ಟರಿನಲ್ಲಿ ತೀರ್ಪುಗಾರರು ನಿಂತು ನೋಡಿದ್ದು ಆ ಎಣಿಕೆಯನ್ನೇ.

ಫೆಬ್ರವರಿಯಲ್ಲಿ ಬಹುಮಾನದ ಮಾತೇ ಇರಲಿಲ್ಲ ನೋಡು. ಹೊಟ್ಟೆಕಿಚ್ಚು ಗೆದ್ದ ಮೇಲೆ ಹುಟ್ಟುತ್ತದೆ ಅಂದುಕೊಂಡಿದ್ದೆ, ಅದು ಆಗಲೇ ನನ್ನ ಮೇಜಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿತ್ತು. ಇದರ ಮೇಲೆ ಟೆಸ್ಸರ್ ಮತ್ತು ಸ್ಮಿತ್ 1980ರಲ್ಲಿ ಒಂದು ಪ್ರಯೋಗ ಮಾಡಿದ್ದರು. ಪದ ಹೇಳುವ ಆಟ, ಒಬ್ಬರು ಸುಳಿವು ಕೊಡಬೇಕು, ಇನ್ನೊಬ್ಬರು ಊಹಿಸಬೇಕು. ಸುಳಿವು ಕೊಡುವವರಿಗೆ ಮೊದಲೇ, ನಿಮ್ಮ ಆಟ ಅಷ್ಟೇನೂ ಚೆನ್ನಾಗಿರಲಿಲ್ಲ ಅಂತ ಹೇಳಿರುತ್ತಾರೆ. ಇದು ಬರೀ ಆಟ ಅಂದಾಗ ಜನ ಗೆಳೆಯರಿಗೆ ಸುಲಭದ ಸುಳಿವು ಕೊಟ್ಟರು. ಇದು ನಿಮ್ಮ ಬುದ್ಧಿಗೆ ಸಂಬಂಧಿಸಿದ್ದು ಅಂದಾಗ ಗುರುತಿಲ್ಲದವರಿಗೇ ಸುಲಭದ್ದು ಕೊಟ್ಟು ಗೆಳೆಯರಿಗೆ ಕಷ್ಟದ್ದು ಕೊಟ್ಟರು. ಓದಿದಾಗ ಮೈ ಬೆವರಿತು. ಯಾಕೆಂದರೆ ಮಾರ್ಚಿನಲ್ಲಿ ಹೊಸದಾಗಿ ಬಂದ ಒಬ್ಬ ಡಚ್ ಹುಡುಗ ಇದೇ ಪ್ರಶ್ನೆ ಕೇಳಿದಾಗ ನಾನು ನಳಿಕೆ ಕೈಯಲ್ಲಿ ಹಿಡಿದು, ಹೀಗೆ ನಿಧಾನಕ್ಕೆ ಓರೆ ಮಾಡು ಅಂತ ತೋರಿಸಿಕೊಟ್ಟಿದ್ದೆ.

ಇಲ್ಲಿನ ಭಾಷೆಯಲ್ಲಿ ಹೊಟ್ಟೆಕಿಚ್ಚಿಗೆ ಎರಡು ಬೇರೆ ಶಬ್ದ ಇವೆ. ಒಂದು ‘ಬೆನೈಡನ್’, ನಿನ್ನ ಹಾಗೆ ನಾನೂ ಆಗಬೇಕಿತ್ತು ಅನ್ನುವ ಸಂಕಟ. ಇನ್ನೊಂದು ‘ಆಫ್‌ಗುನ್ಸ್ಟ್’, ನಿನ್ನ ಹತ್ತಿರ ಇರುವುದು ಹೋಗಲಿ ಅನ್ನುವ ಸಂಕಟ. ಟಿಲ್‌ಬರ್ಗ್‌ನ ಸಂಶೋಧಕರು 2009ರಲ್ಲಿ ಇವೆರಡನ್ನೂ ಬೇರೆ ಬೇರೆ ಮಾಡಿ ನೋಡಿದರು. ನೋವು ಎರಡರಲ್ಲೂ ಇದೆ. ಮೊದಲನೆಯದು ನಮ್ಮನ್ನು ಮೇಲೆ ಏರಲು ದೂಡುತ್ತದೆ, ಎರಡನೆಯದು ಅವರನ್ನು ಕೆಳಗೆ ಎಳೆಯಲು. ಗೆಲುವು ನ್ಯಾಯವಾಗಿ ಬಂದದ್ದು ಅಂತ ಮನಸ್ಸು ಒಪ್ಪಿದರೆ ಮೊದಲನೆಯದರ ಕಡೆ ವಾಲುತ್ತದೆ. ತೀರ್ಪುಗಾರರ ಪರಿಚಯದ ಕತೆ ನನಗೆ ಯಾಕೆ ಅಷ್ಟು ಬೇಕಾಗಿತ್ತು ಅಂತ ಆಗ ಅರ್ಥ ಆಯ್ತು. ಅವಳಿಗೆ ನ್ಯಾಯವಾಗಿ ಬಂತು ಅಂತ ಒಪ್ಪಿದರೆ ಫೆಬ್ರವರಿಯನ್ನೂ ಒಪ್ಪಬೇಕಲ್ಲ!

ಶಬ್ದ ಗೊತ್ತಾದ ತಕ್ಷಣ ಉರಿ ಹೋಗಲಿಲ್ಲ, ಹೋಗುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ರಾತ್ರಿ ಎಚ್ಚರ ಆದರೆ ಮೊದಲು ನೆನಪಾಗುವುದು ಅವಳ ಹೆಸರು ಕರೆದದ್ದೇ. ಆದರೆ ನನಗೆ ಬೇಕಾಗಿದ್ದೇನು ಅಂತ ಕೇಳಿಕೊಂಡರೆ ಈಗ ಒಂದು ಉತ್ತರ ಸಿಗುತ್ತದೆ. ಆ ಕಾಗದ, ಆ ಹೂಗುಚ್ಛ ಅಲ್ಲ. ತಪ್ಪಾದ ಪ್ರಯೋಗವನ್ನೂ ಕೂತು ಎಣಿಸುವ ತಾಳ್ಮೆ ಬೇಕಾಗಿತ್ತು. ಬೈಸಿಕೊಂಡ ದಿನ ನಾನು ಆ ನಳಿಕೆಗಳನ್ನು ತೊಳೆದು ಕವುಚಿ ಹಾಕಿದ್ದೆ, ಎಣಿಸುವುದು ನನಗೆ ಹೊಳೆದೇ ಇರಲಿಲ್ಲ.

ಮೊನ್ನೆ ಗುರುವಾರ ಅವಳಿಗೆ ಹೇಳಿದೆ. ಮೊದಲು ಆ ಇನ್ನೊಬ್ಬ ಗೆಳತಿಗೆ, ತೀರ್ಪುಗಾರರ ಬಗ್ಗೆ ಹೇಳಿದ್ದು ಸುಳ್ಳು ಅಂತ ತಿಳಿಸಿದೆ, ಅದು ಸುಲಭವಿತ್ತು. ಇವಳ ಹತ್ತಿರ ಕ್ಷಮೆ, ಗಿಮೆ ಅಂತ ಉದ್ದ ಮಾತು ಕಟ್ಟಿಕೊಂಡು ಹೋಗಿದ್ದೆ, ಬಾಯಿಗೆ ಬಂದದ್ದು ಇಷ್ಟೇ: "ಫೆಬ್ರವರಿಲಿ ನೀನು ಕುಲುಕೋದು ನೋಡಿದ್ದೆ. ಗೊತ್ತಿದ್ದೂ ಹೇಳಲಿಲ್ಲ." ನನಗೆ ಹೊಟ್ಟೆಕಿಚ್ಚಾಗಿದೆ ಅಂತಲೂ ಹೇಳಿದೆ, ಆದರೆ ಅದನ್ನು ನೆಪ ಮಾಡಿಕೊಳ್ಳಬಾರದು ಅಂತ ಆಮೇಲೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಎರಡು ವಾರ ಹಾಳಾಯ್ತು ಕಣೇ ನಂದು" ಅಂದಳು. ಆಮೇಲೆ ಎದ್ದು ಕೆಟಲ್‌ಗೆ ನೀರು ತುಂಬಿದಳು, ಒಂದೇ ಲೋಟ ಟೀ ಮಾಡಿಕೊಂಡಳು. ಶುಕ್ರವಾರ ಗುಡ್ ಮಾರ್ನಿಂಗ್ ಅಂದಳು, ಊಟಕ್ಕೆ ಕರೆಯಲಿಲ್ಲ. ನಾನೂ ಕೇಳಲಿಲ್ಲ. ಕೋಪ ಮಾಡಿಕೊಳ್ಳುವ ಹಕ್ಕು ಅವಳಿಗಿದೆ, ಎಷ್ಟು ದಿನ ಅಂತ ನಾನು ಹೇಳುವ ಹಾಗಿಲ್ಲ.

ಅಮ್ಮ ಮತ್ತೆ ಕೇಳಿದರೆ ಅದು ದೊಡ್ಡ ಬಹುಮಾನವೇ ಅಂತ ಹೇಳು. ಅವಳಮ್ಮನಿಗೂ ಒಂದು ಫೋನ್ ಮಾಡಲಿ.

ಕೋಣೆ ಸಾರಿಸಬೇಡ, ಡಿಸೆಂಬರ್‌ವರೆಗೆ ನಾನು ಬರುವುದಿಲ್ಲ. ಭಾವನ ಗೆಳೆಯರು ಈ ಕಡೆ ಬರುವಾಗ ಮಿಡಿ ಉಪ್ಪಿನಕಾಯಿ ಕಳಿಸುತ್ತೇನೆ ಅಂದಿದ್ದೆಯಲ್ಲ, ಯಾವಾಗಿನ ಹಾಗೆ ಅವಳಿಗೂ ಒಂದು ಬಾಟಲಿ ಕಟ್ಟಬೇಡ. ಈಗ ಕೊಟ್ಟರೆ ಲಂಚದ ಹಾಗೆ ಕಾಣುತ್ತದೆ. ನನ್ನದರಲ್ಲೇ ಇರಲಿ, ಅವಳೇ ಬಂದು ಮುಚ್ಚಳ ತೆಗೆದರೆ ಬೇರೆ ಮಾತು.

ಕೊಳೆ ಕಾಣಿಸಿಕೊಂಡರೆ ಬಿದ್ದ ಕಾಯಿಯ ಫೋಟೋ ಕಳಿಸು.

ನಿನ್ನ
ತಂಗಿ